ಕಂಬಳಿ ಹುಳಕ್ಕೆ ಹಾಸಿಗೆ ಕೊಟ್ಟ ಬಾಬುಸ್ಯಾಗೆ

ನನ್ನ ಕಂಬಳಿ ಹುಳದ ಕಥೆ ಉಕ್ರೇನಿಯನ್ ಭಾಷೆಯಲ್ಲಿ ಪುಟ್ಟ ಪುಸ್ತಕವಾಗಿ ಹೊರಬಂದಿದೆ. ಮೊದಲ ಪ್ರತಿ ಪೋಲೆಂಡಿನಲ್ಲಿರುವ ಪುಟ್ಟಿಯ ಕೈ ಸೇರಿತು. ಅವಳು ಮಲಗುವ ಮುಂಚೆ ಅದನ್ನೇ ಓದು ಅಂತ ತಾಯಿಗೆ ಗಂಟುಬಿದ್ದಿದ್ದಾಳಂತೆ. ಸುದ್ದಿ ಕೇಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿತ್ರ ಬರೆದ ಗೆಳತಿಗೆ, ಕರಡು ತಿದ್ದಿದ ನನ್ನ ಮೆಡಿಕಲ್ ಸಹಪಾಠಿಗಳಿಗೆ, ಕಾಗದದ ಖರ್ಚು ವಹಿಸಿಕೊಂಡ ಚಿಕ್ಕಪ್ಪನಿಗೆ, ಊಟ ತಿಂಡಿ ನೋಡಿಕೊಂಡ ನಮ್ಮವರಿಗೆ ತುಂಬು ಮನಸ್ಸಿನ ಧನ್ಯವಾದ. ಇನ್ನುಳಿದದ್ದೆಲ್ಲ ಬಾಬುಸ್ಯಾಗೆ.

ಬಾಬುಸ್ಯಾ ಅಂದರೆ ಅಜ್ಜಿ. ಉಕ್ರೇನಿನ ವಿನ್ನಿತ್ಸಿಯಾದಲ್ಲಿ ಮೆಡಿಕಲ್ ಓದುವಾಗ ನಾನು ಬಾಡಿಗೆಗಿದ್ದ ಮನೆಯ ಒಡತಿ, ನಿವೃತ್ತ ಪ್ರಾಥಮಿಕ ಶಾಲೆ ಟೀಚರ್. ಪುಟ್ಟಿ ಅವರ ಮೊಮ್ಮಗಳು. ಸಂಜೆ ಅವಳನ್ನು ಮಲಗಿಸುವ ಕೆಲಸ ಎಷ್ಟೋ ಸಲ ನನ್ನ ಪಾಲಿಗೆ ಬರುತ್ತಿತ್ತು, ಆಗ ಹೇಳುತ್ತಿದ್ದದ್ದು ಈ ಕಥೆ. ಅದು ಶುರುವಾಗುವುದು ಹೀಗೆ:

ಕಂಬಳಿ ಹುಳಕ್ಕೆ ಕಂಬಳಿ ಇಲ್ಲ
ನಡುಗಿತು ಚಳಿಯಲಿ ಕೈಕಾಲೆಲ್ಲ

ಕನ್ನಡದ ಮಗುವಿಗೆ ಇದರಲ್ಲಿ ವಿವರಿಸುವಂಥದ್ದು ಏನೂ ಇಲ್ಲ. ಹೆಸರಿನಲ್ಲೇ ಕಂಬಳಿ ಹೊತ್ತವನಿಗೆ ಹೊದೆಯಲು ಕಂಬಳಿಯಿಲ್ಲ ಅಂದ ಕೂಡಲೇ ನಗು. ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ, ಕೊನೆಯ ಗಣದ ಒಂದು ಮಾತ್ರೆ ಉಸಿರು ತೆಗೆದುಕೊಳ್ಳಲು. ತೊಡೆ ತಟ್ಟುತ್ತಾ ಹೇಳಿದರೆ ಸಾಲಿಗೆ ನಾಲ್ಕು ಪೆಟ್ಟು.

ಉಕ್ರೇನಿಯನ್‌ನಲ್ಲಿ ಆ ನಗುವೂ ಇಲ್ಲ, ಆ ಲೆಕ್ಕವೂ ಇಲ್ಲ. ಕಂಬಳಿ ಹುಳಕ್ಕೆ ಅಲ್ಲಿ ಹುಸಿನ್ ಅನ್ನುತ್ತಾರೆ, ಹೊದಿಕೆಗೆ ಕೋವ್ದ್ರ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಕೋವ್ದ್ರಕ್ಕೆ ಒಳ್ಳೆಯ ಪ್ರಾಸ ಹುಡುಕುವುದೂ ಕಷ್ಟ. ಹ್ರಸ್ವ ದೀರ್ಘದಿಂದ ಅರ್ಥ ಬದಲಾಗದ ಭಾಷೆ ಅದು, ಹಾಗಾಗಿ ಮಾತ್ರೆ ಎಣಿಸಿ ಉಪಯೋಗವಿಲ್ಲ. ಅಲ್ಲಿ ಪದ್ಯ ನಡೆಯುವುದು ಒತ್ತಿನ ಮೇಲೆ, ಅಂದರೆ ಪದದ ಯಾವ ಅಕ್ಷರವನ್ನು ಒತ್ತಿ ಹೇಳುತ್ತಾರೆ ಅನ್ನುವುದರ ಮೇಲೆ. ಒಂದೊಂದು ಪದಕ್ಕೂ ಒತ್ತು ಬೀಳುವ ಜಾಗ ಬೇರೆ, ಅದನ್ನು ಕಿವಿಯಿಂದಲೇ ಕಲಿಯಬೇಕು. ನಾನು ಮಾಡಿದ ಕರಡುಗಳಲ್ಲಿ ಅರ್ಥವೇನೋ ಇತ್ತು, ಆದರೆ ತೊಡೆ ತಟ್ಟಿದರೆ ಪೆಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ ಬೀಳುತ್ತಿತ್ತು.

ಅದು ಸರಿಹೋದ ರಾತ್ರಿ ಯಾವುದು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. 2022ರ ಡಿಸೆಂಬರ್, ಅಮ್ಮ ಒಳಗೆ, ನಾನು ದಾವಣಗೆರೆಯ ಆಸ್ಪತ್ರೆಯೊಂದರ ಹೊರಗಿನ ಬೆಂಚಿನ ಮೇಲೆ. ಅದರ ವಿವರ ಮತ್ತೆ ಬೇಡ. ಡಾಕ್ಟರ್ ಆಗಿದ್ದುಕೊಂಡು ಬಾಗಿಲಾಚೆ ಏನೂ ಮಾಡಲಾಗದೆ ಕೂರುವುದು ಎಂಥದ್ದು ಅಂತ ಆವತ್ತು ತಿಳಿಯಿತು. ಯಾರ ಜೊತೆ ಮಾತಾಡಲೂ ಧೈರ್ಯವಿರಲಿಲ್ಲ. ಬಾಬುಸ್ಯಾ ತಾವೇ ಫೋನ್ ಮಾಡಿದರು. ಇಲ್ಲಿ ಬೆಳಗಿನ ಜಾವ 3 ಗಂಟೆ, ಅಲ್ಲಿ ರಾತ್ರಿ 11.30. ಯುದ್ಧದ ಕಾಲ, ಅಲ್ಲಿ ಕರೆಂಟ್ ಹೋಗಿತ್ತು, ವಾಯುದಾಳಿಯ ಸೈರನ್ ಮೊಳಗಿತ್ತು. ಹೊರಗೋಡೆ, ಕಿಟಕಿಗಳಿಂದ ದೂರ, ಎರಡು ಗೋಡೆ ಅಡ್ಡ ಇರುವಂಥ ಜಾಗದಲ್ಲಿ ಕೂರಬೇಕು ಅನ್ನುವುದು ಅಲ್ಲಿನವರೆಲ್ಲ ಪಾಲಿಸುವ ನಿಯಮ. ಅದರಂತೆ ಅವರು ಮನೆಯ ನಡುಪಡಸಾಲೆಯ ನೆಲದ ಮೇಲೆ ಕೂತಿದ್ದರು.

ನಾನು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಅಳು ಸ್ವಲ್ಪ ನಿಂತ ಮೇಲೆ, "ದೋನ್ಯು, ನಿನ್ನ ಹುಳ ಎಲ್ಲಿಗೆ ಬಂತು? ಮೊದಲ ಸಾಲು ಹೇಳು" ಅಂದರು. ದೋನ್ಯು ಅಂದರೆ ಮಗಳೇ. ಕಥೆಯ ಮಾತಾಡುವ ಹೊತ್ತೇ ಇದು ಅಂತ ಸಿಟ್ಟೂ ಬಂತು. ಆದರೂ ಹೇಳಿದೆ. ಕೋವ್ದ್ರ ಅಂದ ಕೂಡಲೇ ತಡೆದರು. ಕಂಬಳಿಯನ್ನು ಹೆಸರಲ್ಲಿ ಹುಡುಕಬೇಡ, ಹುಸಿನ್ ಅಂದರೆ ನಮ್ಮ ಮಕ್ಕಳ ಕಿವಿಗೆ ಏನು ಕೇಳಿಸುತ್ತದೆ ಹೇಳು ಅಂದರು. ನನಗೆ ಹೊಳೆಯಲಿಲ್ಲ. ಅವರೇ ಹೇಳಿದರು: ಹುಸ್ಕ.

ಹುಸ್ಕ ಅಂದರೆ ಹೆಬ್ಬಾತು. ಹುಸಿನ್, ಹುಸ್ಕ ಎರಡನ್ನೂ ಒಟ್ಟಿಗೆ ಕೇಳಿದರೆ ಒಂದೇ ಮನೆತನದವರ ಹಾಗಿದೆ. ಹಾಗಾದರೆ ಚಳಿಯಲ್ಲಿ ನಡುಗುವ ಹುಳ ಬಾತಿನ ಮನೆಗೆ ಹೋಗಿ, ನೀನು ನನಗೆ ನೆಂಟಳು ಅನ್ನಲಿ. ನೆಂಟರು, ಕುಟುಂಬ ಅನ್ನುವುದಕ್ಕೆ ಅಲ್ಲಿ ರೊದೀನ. ಬಾತಿನ ಪುಕ್ಕ ತುಂಬಿದ ದಪ್ಪ ಹಾಸಿಗೆಗೆ ಪೆರೀನ. ಪ್ರಾಸ ತಾನಾಗಿ ಕೂತುಬಿಟ್ಟಿತು:

ಹುಸ್ಕೊ, ತಿ ಮೊಯಾ ರೊದೀನ!
ದೆ ಮೊಯಾ ಮ್ಯಕಾ ಪೆರೀನ?

"ಹೆಬ್ಬಾತೇ, ನೀನು ನನ್ನ ನೆಂಟಳು! ಎಲ್ಲಿ ನನ್ನ ಮೆತ್ತನೆ ಹಾಸಿಗೆ?" ಸಾಲಿಗೆ ಎಂಟು ಅಕ್ಷರ. ಒಂದು, ಮೂರು, ಐದು, ಏಳನೆಯದರ ಮೇಲೆ ಪೆಟ್ಟು. ಕನ್ನಡದ ನಾಲ್ಕು ಗಣಕ್ಕೆ ಅಲ್ಲೂ ನಾಲ್ಕೇ ಪೆಟ್ಟು. ಕರೆಯುವಾಗ ಹುಸ್ಕ ಹೋಗಿ ಹುಸ್ಕೊ ಆಗುವುದು ನಮ್ಮ ಸಂಬೋಧನೆಯ ಹಾಗೆಯೇ. ಹೆಸರಿನಲ್ಲಿದ್ದ ಕಂಬಳಿ ಹೋಯಿತು, ಆದರೆ ಹೆಸರಿನ ದೆಸೆಯಿಂದಲೇ ಹುಳಕ್ಕೆ ಬೆಚ್ಚಗಿನ ಹಾಸಿಗೆ ಸಿಕ್ಕಿತು. ನನ್ನ ಮೂಲಕ್ಕಿಂತ ಇದು ಚೆನ್ನಾಗಿದೆ. ಕನ್ನಡದಲ್ಲಿ ಹುಳ ಬರೀ ನಡುಗುತ್ತದೆ, ಉಕ್ರೇನಿಯನ್‌ನಲ್ಲಿ ಹಕ್ಕಿನಿಂದ ಹೋಗಿ ಕೇಳುತ್ತದೆ.

ಬೆಳಕು ಹರಿಯುವ ತನಕ ಬಾಬುಸ್ಯಾ ಫೋನ್ ಇಡಲಿಲ್ಲ. ಪವರ್ ಬ್ಯಾಂಕ್ ಅವರಿಗೂ ಬೇಕಾಗಿತ್ತು, ಇನ್ನು ಯಾವಾಗ ಕರೆಂಟ್ ಬರುತ್ತದೋ ಗೊತ್ತಿರಲಿಲ್ಲ. ನಡುನಡುವೆ ಇಬ್ಬರೂ ಸುಮ್ಮನಿರುತ್ತಿದ್ದೆವು. ಒಂದು ಸಲ ದೂರದಲ್ಲಿ ಏನೋ ಸಿಡಿದ ಸದ್ದು ನನಗೂ ಕೇಳಿಸಿತು. ಅವರು ಒಂದು ಕ್ಷಣ ತಡೆದು, "ಮುಂದಿನ ಸಾಲು" ಅಂದರು. ಅಮ್ಮನ ಕಡೆಯಿಂದ ನರ್ಸ್ ಬಂದು ಹೆಸರು ಕೂಗಿದಾಗಲೂ ಲೈನಿನಲ್ಲಿ ಅವರಿದ್ದರು. ಅಮ್ಮ ಈಗ ಮನೆಯಲ್ಲಿದ್ದಾರೆ. ಬಾಬುಸ್ಯು, ಆ ಹೊತ್ತು ನೀವು ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ ನನಗೆ ತಿಳಿಯದು.

ಆಮೇಲೆ ಉಳಿದ ಪದ್ಯಗಳನ್ನೂ ಹೀಗೇ ಫೋನಿನಲ್ಲಿ ಮಾಡಿದೆವು. ಅವರ ಪರೀಕ್ಷೆ ಸರಳ: ಎಲ್ಲೂ ನಿಲ್ಲದೆ, ಮಗುವನ್ನು ತಟ್ಟುವ ವೇಗದಲ್ಲಿ ಜೋರಾಗಿ ಓದಬೇಕು. ಇರುವೆಯ ಮನೆಗೆ ಬೀಗ ಹಾಕಿದೆ ಅನ್ನುವ ಸಾಲಿನಲ್ಲಿ ಇದರ ಬೆಲೆ ತಿಳಿಯಿತು. ಉಕ್ರೇನಿಯನ್‌ನಲ್ಲಿ ಬೀಗಕ್ಕೂ ಕೋಟೆಗೂ ಅಕ್ಷರಗಳು ಅವೇ. ಒತ್ತು ಎರಡನೆಯ ಅಕ್ಷರದ ಮೇಲೆ ಬಿದ್ದು ಜಮೋಕ್ ಅಂದರೆ ಬೀಗ, ಮೊದಲನೆಯದರ ಮೇಲೆ ಬಿದ್ದು ಜಾಮೊಕ್ ಅಂದರೆ ಕೋಟೆ. ಆ ಪದವನ್ನು ಸಾಲಿನ ಮೊದಲಿಗೆ ಇಟ್ಟರೆ ಲಯದ ಪೆಟ್ಟು ಮೊದಲ ಅಕ್ಷರದ ಮೇಲೆ ಬಿದ್ದು, ಇರುವೆಯ ಬಾಗಿಲಿಗೆ ಕೋಟೆ ನೇತುಬಿದ್ದಿದೆ ಅಂತಾಗುತ್ತದೆ. ಕೊನೆಗೆ ಇಟ್ಟರೆ ಬೀಗ ಬೀಗವಾಗಿಯೇ ಉಳಿಯುತ್ತದೆ. "ನಾ ದ್ವೆರ್ಯಾಖ್ ವಿಸೀತ್ ಜಮೋಕ್" ಅಂತ, ಅಂದರೆ ಬಾಗಿಲಲ್ಲಿ ನೇತಾಡುತ್ತಿದೆ ಬೀಗ ಅಂತ, ಬಾಗಿಲನ್ನು ಮುಂದೆ ತಂದದ್ದು ಅದಕ್ಕೆ.

ಅಕ್ಷರ ಕಡಿಮೆ ಬಿದ್ದಾಗ ಕೈಹಿಡಿದದ್ದು ಆ ಭಾಷೆಯ ಮುದ್ದುಮಾತು. ಮಲಗು ಅನ್ನುವ ಕ್ರಿಯಾಪದವನ್ನೇ ಅವರು ಮುದ್ದು ಮಾಡುತ್ತಾರೆ. ಸ್ಪಾತಿ ಎರಡಕ್ಷರ, ಮುದ್ದಿಗೆ ಸ್ಪಾತೊಂಕಿ ಅಂದರೆ ಮೂರು. ಕೊನೆಯ ಪದ್ಯ ನಿಂತಿರುವುದೇ ಅದರ ಮೇಲೆ. ಆದರೆ ಮಿಂಚುಹುಳದ ಪದ್ಯವನ್ನು ಬಿಡಬೇಕಾಯಿತು. ನಮ್ಮಲ್ಲಿ ಕಂಬಳಿ ಹುಳ, ಮಿಂಚುಹುಳ ಎರಡೂ ಹುಳ, ಹೆಸರಿನಿಂದಲೇ ಅಣ್ಣತಮ್ಮ. ಅಲ್ಲಿ ಮಿಂಚುಹುಳ ಸ್ವಿತ್ಲ್ಯಚೋಕ್, ಬೆಳಕಿನ ಕಡೆಯ ಹೆಸರು, ಹುಸಿನ್‌ಗೆ ಏನೂ ಆಗಬೇಕಿಲ್ಲ. ಒಂದು ಚಂದದ ಪದ್ಯ ಹೋಯಿತಲ್ಲ ಅಂತ ನನಗೆ ಈಗಲೂ ಬೇಜಾರಿದೆ.

ಬಾಬುಸ್ಯಾ ಕಥೆಯನ್ನು ಪೂರ್ತಿ ಓದಿ ದನಿ ಮುದ್ರಿಸಿ ಕಳಿಸಿದ್ದಾರೆ. ಉಕ್ರೇನಿಯನ್ ಮಾತಾಡುವ ಮಕ್ಕಳಿರುವ ಮನೆ ಯಾರಿಗಾದರೂ ಗೊತ್ತಿದ್ದರೆ ನನಗೊಂದು ಮೆಸೇಜ್ ಹಾಕಿ, ಪುಸ್ತಕ ಮತ್ತು ದನಿ ಎರಡನ್ನೂ ಕಳಿಸಿಕೊಡುತ್ತೇನೆ.