ಇಂಗಿನ ನೀರು ಮತ್ತು ನೀನು ಬರೆದ ಆ ಒಂದು ಸಾಲು

ಚಿರಂಜೀವಿ ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯ ಸಾಲು ಓದಿದ ಕೂಡಲೇ ಫೋನ್ ಮಾಡಿದೆ. ಡಾಕ್ಟರು ಮಗುವನ್ನು ನೋಡಿ ಏನೂ ಇಲ್ಲ ಎಂದದ್ದನ್ನು ನಿನ್ನ ಬಾಯಿಂದಲೇ ಕೇಳಿದ್ದೇನೆ. ಆದರೂ ಆ ಸಾಲು ನನ್ನನ್ನು ಬಿಡುತ್ತಿಲ್ಲ. "ಇಂಗಿನ ನೀರು ಕುಡಿಸಿದ ಮೇಲೆ ತುಟಿ ಸ್ವಲ್ಪ ನೀಲಿಯಾದಂತೆ ಕಂಡಿತು, ದೀಪದ ಬೆಳಕಿಗಿರಬಹುದು" ಎಂದು ಬರೆದಿದ್ದೀಯೆ. ಅದು ಬೆಳಕಿನ ಭ್ರಮೆಯೇ ಆಗಿದ್ದರೂ ಇಷ್ಟು ಹಗುರಾಗಿ ಬರೆಯುವ ಮಾತಲ್ಲ, ತಾಯಿ.

1984ರಲ್ಲಿ ಅಮೆರಿಕದ ವೈದ್ಯರು ಐದು ವಾರದ ಒಂದು ಗಂಡು ಮಗುವಿನ ವಿಷಯ ಬರೆದಿದ್ದರು. ಹೊಟ್ಟೆನೋವಿನ ಅಳುವಿಗೆಂದು ಮನೆಯವರು ಗ್ಲಿಸರಿನ್‌ನಲ್ಲಿ ಕರಗಿಸಿದ ಇಂಗು ಕೊಟ್ಟಿದ್ದರು. ಮಗುವಿನ ರಕ್ತ ಕೆಟ್ಟಿತು. ವೈದ್ಯರು ಅದನ್ನು ಮೆಥೆಮೊಗ್ಲೋಬಿನೀಮಿಯ ಎನ್ನುತ್ತಾರೆ: ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಹೊರಲಾಗದ ರೂಪಕ್ಕೆ ತಿರುಗುತ್ತದೆ. ನಮ್ಮಂಥ ದೊಡ್ಡವರ ರಕ್ತದಲ್ಲಿ ಅದನ್ನು ಮತ್ತೆ ಸರಿಪಡಿಸುವ ಕಿಣ್ವ ಬೇಕಾದಷ್ಟಿರುತ್ತದೆ. ಹಸುಗೂಸಿನಲ್ಲಿ ಅದು ಮೊದಲ ಕೆಲವು ತಿಂಗಳು ಕಡಿಮೆ, ಜೊತೆಗೆ ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಬೇಗ ಕೆಡುವಂಥದ್ದು. ಹಾಗಾಗಿ ನನ್ನ ಸಾರಿಗೆ ರುಚಿ ಕೊಡುವ ಚಿಟಿಕೆ ಇಂಗು ನಿನ್ನ ಮಗುವಿಗೂ ಅಷ್ಟೇ ನಿರಪಾಯ ಎನ್ನಲಾಗದು.

ಜೋರಾಗಿ ಅಳುವಾಗ ಬಾಯಿಯ ಸುತ್ತ ಸ್ವಲ್ಪ ನೀಲಿ ಬಂದು ಹೋಗುವುದುಂಟು. ಆದ್ದರಿಂದ ನಾಲಿಗೆ ನೋಡು, ತುಟಿಯ ಒಳಭಾಗ ನೋಡು. ಅಳು ನಿಂತ ಮೇಲೂ ಅಲ್ಲಿ ನೀಲಿಯೋ ಬೂದು ಬಣ್ಣವೋ ಉಳಿದಿದ್ದರೆ, ಮಗು ಮಂಕಾಗಿದ್ದರೆ, ಬೆಳಗಾಗಲಿ ಎಂದು ಕಾಯಬೇಡ. ಇಂಗು ಕೊಟ್ಟದ್ದನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳು. ಆ ತೊಂದರೆಯಲ್ಲಿ ಆಮ್ಲಜನಕ ಕೊಟ್ಟರೂ ಬಣ್ಣ ತಿರುಗುವುದಿಲ್ಲ, ರಕ್ತ ಚಾಕೊಲೇಟಿನಂತೆ ಕಂದಾಗಿರುತ್ತದೆ, ಚಿಕಿತ್ಸೆಯೇ ಬೇರೆ. ನೀವು ಹೇಳದಿದ್ದರೆ ಅವರಿಗೆ ಇಂಗಿನ ನೆನಪು ಹೇಗೆ ಬರಬೇಕು?

ನಿನ್ನ ಅತ್ತೆಯವರನ್ನು ನಾನು ದೂರುತ್ತಿಲ್ಲ. ನಮ್ಮಮ್ಮನೂ ಹಾಗೆಯೇ. ನನ್ನ ತಮ್ಮನ ಮಗು ಒಂದು ಸಂಜೆ ಅಳತೊಡಗಿದಾಗ ಇಂಗನ್ನು ಎದೆಹಾಲಿನಲ್ಲಿ ತೇಯ್ದು ಒಳಲೆಯಲ್ಲಿ ಹಾಕಿದರು, ಹೊಕ್ಕಳ ಸುತ್ತ ಹಚ್ಚಿದರು, ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿದರು. ಮಗು ಹಸಿರು ವಾಂತಿ ಮಾಡಿದಾಗ ವಾಯು ಹೊರಬಂತೆಂದೇ ಎಲ್ಲರೂ ತಿಳಿದರು. ಮರುದಿನ ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿದಾಗ ತೊಡೆಸಂದಿನಲ್ಲಿ ಗಟ್ಟಿ ಗಂಟು ಕಂಡಿತು. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿತ್ತು. ಶಸ್ತ್ರಚಿಕಿತ್ಸೆಯಾಗಿ ಮಗು ಉಳಿಯಿತು. ಅಮ್ಮ ಮಾತ್ರ ತಾನೇ ಇಂಗು ಹಾಕಿ ಹಾಗೆ ಮಾಡಿದೆನೆಂದು ಕೊನೆಯವರೆಗೂ ಕೊರಗಿದರು. ಆ ಗಂಟಿಗೆ ಇಂಗು ಕಾರಣವಲ್ಲ, ಇಂಗಿನ ಮೇಲಿನ ಭರವಸೆಯಿಂದ ಕಳೆದುಹೋದದ್ದು ಹೊತ್ತು ಮಾತ್ರ. ಆ ವ್ಯತ್ಯಾಸವನ್ನು ಅವರೆದುರು ಕುಳಿತು ಬಿಡಿಸಿ ಹೇಳುವ ಕಾಲ ನನಗೆ ಸಿಗಲಿಲ್ಲ. ಇವತ್ತಿಗೂ ಅದು ಎದೆಯಲ್ಲಿ ಚುಚ್ಚುತ್ತದೆ.

ಇಂಗಿನಿಂದ ಮಗು ಸುಮ್ಮನಾಗುತ್ತದೆ ಎಂದು ಬರೆದಿದ್ದೀಯೆ. ಈ ಸಂಜೆಯ ಅಳು ಎರಡು ಮೂರು ವಾರಕ್ಕೆ ಶುರುವಾಗಿ, ಆರನೆಯ ವಾರದ ಹೊತ್ತಿಗೆ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ತಗ್ಗುತ್ತದೆ. ಅಳುವಿನ ತುದಿಯಲ್ಲಿ ಏನು ಕೊಟ್ಟರೂ ಅದೇ ಮದ್ದೆನಿಸುತ್ತದೆ. ಇನ್ನೊಂದು, ನಿಮ್ಮ ಮನೆಯ ಡಬ್ಬಿಯಲ್ಲಿರುವುದು ಬರೀ ಇಂಗಲ್ಲ. ಅಂಗಡಿಯ ಇಂಗಿನಲ್ಲಿ ಗೋಧಿ ಅಥವಾ ಮೈದಾ ಹಿಟ್ಟು, ಗೋಂದು ಬೆರೆತಿರುತ್ತವೆ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ ಎನ್ನುವಾಗ ಅದೆಲ್ಲ ಯಾಕೆ? ಹೊಕ್ಕಳಿಗೆ ಹಚ್ಚುವುದನ್ನಾದರೂ ಬಿಡಬಹುದೇ ಎಂದು ಕೇಳಿದ್ದೀಯೆ. ಬಿಡು. ಹೊಕ್ಕಳ ಗಾಯ ಮಾಗದಿದ್ದರಂತೂ ಹತ್ತಿರಕ್ಕೂ ತರಬೇಡ, ಮಾಗಿದ್ದರೂ ಆ ಎಳೆ ಚರ್ಮ ಉರಿದು ಕೆಂಪಾಗಬಹುದು.

ನಾನು ಡಾಕ್ಟರಲ್ಲ, ಹೇಳುವುದು ಹೆಚ್ಚಾಯಿತೋ ಏನೋ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸು, ಎತ್ತಿಕೊಂಡು ಓಡಾಡು, ಸುಸ್ತಾದರೆ ಅತ್ತೆಯವರ ಕೈಗೆ ಕೊಡು. ಹಸಿರು ವಾಂತಿ, ಮಲದಲ್ಲಿ ರಕ್ತ, 100.4 ಡಿಗ್ರಿ ಜ್ವರ, ಹಾಲು ಒಲ್ಲೆನೆನ್ನುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಹೊರಡು. ಮತ್ತೆ ಹೇಳುತ್ತೇನೆ, ತುಟಿಯ ಬಣ್ಣವನ್ನು ಒಳ್ಳೆಯ ಬೆಳಕಿನಲ್ಲಿ ನೋಡು.

ಮುಂದಿನ ಲಸಿಕೆಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗು, ಇಂಗಿನ ಡಬ್ಬಿಯೂ ಚೀಲದಲ್ಲಿರಲಿ. ಎಷ್ಟು ಕೊಟ್ಟಿರಿ, ಎಷ್ಟು ಸಲ ಕೊಟ್ಟಿರಿ ಎಂದು ಅವರೇ ಡಾಕ್ಟರಿಗೆ ಹೇಳಲಿ, ಬೇಡವೆಂಬುದನ್ನೂ ಡಾಕ್ಟರ ಬಾಯಿಂದಲೇ ಕೇಳಲಿ. ನೀನು ಹೇಳಿದರೆ ಅವರಿಗೆ ನೋವಾದೀತು. ಡಾಕ್ಟರು ಏನೆಂದರೆಂದು ಅಂದೇ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇತಿ, ನಿನ್ನ ದೊಡ್ಡಮ್ಮ