ಭಾನುವಾರದ ಅಭ್ಯಾಸ: ಅನುಕರಣ ಶಬ್ದ ಹೊಂದಿಸುವುದು

ಹಾಸನ ಗುಂಪಿನ ಗೆಳೆಯರೇ, ಭಾನುವಾರ ‘ಹೊಂದಿಸಿ ಬರೆಯಿರಿ’ ಮಾದರಿಯ ಪ್ರಶ್ನೆಗಳಿರುತ್ತವೆ. ಒಂದನ್ನು ಈಗಲೇ ಬಿಡಿಸಿ ನೋಡೋಣ.

ಶಬ್ದಗಳು: ಪಟಪಟ, ಸರಸರ, ಗಟಗಟ, ಧಗಧಗ.
ಕ್ರಿಯೆಗಳು: ಉರಿಯಿತು, ಮಾತಾಡಿದಳು, ಹರಿದುಹೋಯಿತು, ಕುಡಿದ.

ಸುಮ್ನೆ ಮೊದಲನೆಯದರಿಂದ ಶುರು ಮಾಡಬೇಡಿ. ಪಟಪಟ ತುಂಬ ಕಡೆ ಹೊಂದುತ್ತದೆ: ಮಾತಿಗೂ ಸೈ, ಹಕ್ಕಿ ರೆಕ್ಕೆ ಬಡಿಯುವುದಕ್ಕೂ ಸೈ, ತಗಡಿನ ಮೇಲೆ ಬೀಳುವ ದಪ್ಪ ಹನಿಗೂ ಸೈ. ಹಾಗಾಗಿ ಒಂದೇ ಕಡೆ ಕೂರುವ ಶಬ್ದವನ್ನು ಮೊದಲು ಹಿಡಿಯಿರಿ. ಇಲ್ಲಿ ಗಟಗಟ ಕುಡಿಯುವುದಕ್ಕೆ, ಧಗಧಗ ಉರಿಯುವುದಕ್ಕೆ. ಉಳಿದದ್ದು ಎರಡೇ. ಕಾಫಿ ತೋಟದ ಒಣಗಿದ ಎಲೆ ಮೇಲೆ ಹಾವು ಹರಿದುಹೋದರೆ ಸರಸರ ಅನ್ನುತ್ತದೆ, ಅಲ್ವಾ? ಸರಸರ ನಡೆದ ಅಂತಲೂ ಅನ್ನುತ್ತೇವೆ, ಆದರೆ ಸರಸರ ಮಾತಾಡಿದಳು ಅಂತ ಯಾರೂ ಅನ್ನುವುದಿಲ್ಲ. ಅಲ್ಲಿಗೆ ಪಟಪಟ ತಾನಾಗಿಯೇ ಮಾತಿಗೆ ಬರುತ್ತದೆ.

ಕಿವಿಯೊಂದನ್ನೇ ನಂಬಿದರೆ ಜಾಸ್ತಿ ಎಡವುವುದು ಥಳಥಳ, ಘಮಘಮದ ಹತ್ತಿರ. ಹೊಳಪಿಗೂ ವಾಸನೆಗೂ ಸದ್ದೆಲ್ಲಿದೆ? ಅವು ರೀತಿಯನ್ನು ಹೇಳುತ್ತವೆ, ಆದರೂ ಅನುಕರಣ ಶಬ್ದಗಳೇ.

ಆಯ್ಕೆಗಳಲ್ಲಿ ‘ಬೇಗಬೇಗ’ ಕಂಡರೆ ಹುಷಾರು. ‘ಬೇಗ’ ಒಂಟಿಯಾಗಿಯೂ ಅರ್ಥ ಕೊಡುತ್ತದೆ, ಆದ್ದರಿಂದ ಅದು ದ್ವಿರುಕ್ತಿ. ‘ಧಗಧಗ’ದಲ್ಲಿ ಬರೀ ‘ಧಗ’ ಅಂದರೆ ಏನೂ ಇಲ್ಲ. ಹಾಗಂತ ಅನುಕರಣ ಶಬ್ದ ಎರಡು ಸಲ ಬರಲೇಬೇಕು ಅಂತೇನಿಲ್ಲ. ‘ಧೊಪ್ಪನೆ ಬಿದ್ದ’ ಕೂಡ ಇದೇ ಗುಂಪು.

ನಿಮ್ಮ ಕಡೆಯಿಂದ ಇಂಥದೇ ಒಂದೊಂದು ಪ್ರಶ್ನೆ ಶನಿವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಉತ್ತರ ಮಾತ್ರ ಈಗಲೇ ಬೇಡ.