ಬಸು, ಫ್ರಾಂಚೈಸಿ ಫೀ ಕಟ್ಟುವ ಮುಂಚೆ ಇದನ್ನು ಓದು

ಪ್ರೀತಿಯ ಬಸು,

ಆ ಬ್ಯೂಟಿ ಚೈನ್‌ನವರು ಸಲೂನ್ ಫ್ರಾಂಚೈಸಿಗೆ ಕೊಟ್ಟ ಆಫರ್ ಪೂರ್ತಿ ಓದಿದೆ. ವೈನಿಯ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ, ಪಿಂಪಳೆ ಸೌದಾಗರದಲ್ಲಿ ಗಿರಾಕಿಗಳೂ ಇದ್ದಾರೆ. ಆದರೆ ಅವರು ಹಾಕಿಕೊಟ್ಟಿರುವ ಲೆಕ್ಕದ ಹಾಳೆ ಸರಿ ಇಲ್ಲ. ಇಲ್ಲಿ ಪುಣೆಯಲ್ಲಿ ಸಲೂನ್‌ಗಳ ಲೆಕ್ಕ ಬರೆಯುವುದೇ ನನ್ನ ಕೆಲಸ ಆದ್ದರಿಂದ ಇದನ್ನು ಹೇಳದೆ ಇರುವುದಕ್ಕೆ ಆಗುವುದಿಲ್ಲ.

ಮೊದಲು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆ ಮೇಲಿನ ತೆರಿಗೆ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು, ಗಿರಾಕಿಗೆ ಒಳ್ಳೆಯದಾಯಿತು. ಆದರೆ ಅದರ ಜೊತೆಗೇ ನಮಗೆ ಇನ್‌ಪುಟ್ ಕ್ರೆಡಿಟ್ ನಿಂತುಹೋಯಿತು. ಅಂದರೆ ನೀನು ಬಾಡಿಗೆ, ರಾಯಲ್ಟಿ, ಫ್ರಾಂಚೈಸಿ ಫೀ, ಇಂಟೀರಿಯರ್ ಮೇಲೆ ಕಟ್ಟುವ 18 ಪರ್ಸೆಂಟ್ ಮೊದಲಿನ ಹಾಗೆ ಗಿರಾಕಿಯಿಂದ ಬಂದ ತೆರಿಗೆಯಲ್ಲಿ ವಜಾ ಆಗುವುದಿಲ್ಲ, ನಿನ್ನ ಖರ್ಚಿಗೇ ಸೇರುತ್ತದೆ. ಅವರ ಹಾಳೆ ಇನ್ನೂ ಹಳೇ ಲೆಕ್ಕದಲ್ಲೇ ಇದೆ. 8 ಲಕ್ಷ ಫೀ ಅಂತ ಬರೆದಿದ್ದಾರೆ ಅಲ್ವಾ, ನಿನ್ನ ಕೈಯಿಂದ ಹೋಗುವುದು 9 ಲಕ್ಷ 44 ಸಾವಿರ.

ಈಗ ತಿಂಗಳ ಲೆಕ್ಕ. 7 ಲಕ್ಷ ವ್ಯಾಪಾರ ಆದರೆ 2 ಲಕ್ಷ 21 ಸಾವಿರ ಉಳಿಯುತ್ತದೆ ಎನ್ನುತ್ತದೆ ಅವರ ಹಾಳೆ. 1 ಲಕ್ಷ 20 ಸಾವಿರ ಬಾಡಿಗೆಗೂ, ರಾಯಲ್ಟಿ ಮತ್ತು ಜಾಹೀರಾತು ಸೇರಿದ 10 ಪರ್ಸೆಂಟ್‌ಗೂ ಜಿಎಸ್‌ಟಿ ಸೇರಿಸು, ಸುಮಾರು 34 ಸಾವಿರ ಅಲ್ಲೇ ಕಡಿಮೆಯಾಗುತ್ತದೆ. ಅಷ್ಟಾದರೂ ಪರವಾಗಿಲ್ಲ, ಆದರೆ ಆ 7 ಲಕ್ಷ ಎಲ್ಲಿಂದ ಬಂತು? ಒಬ್ಬ ಗಿರಾಕಿ ಸರಾಸರಿ 900 ರೂಪಾಯಿ ಬಿಲ್ ಮಾಡುತ್ತಾರೆ ಅಂತ ಅವರೇ ಬರೆದಿದ್ದಾರೆ. ಆ ಲೆಕ್ಕಕ್ಕೆ ತಿಂಗಳಿಗೆ ಸುಮಾರು 780 ಜನ ಬೇಕು. ರಜೆ ಇಲ್ಲದೆ ದಿನಕ್ಕೆ 26 ಜನ, ಮಂಗಳವಾರ ಮಧ್ಯಾಹ್ನವೂ ಸೇರಿ.

ನಾನು ಅದೇ ಹಾಳೆಯನ್ನು ತಿರುವಿಹಾಕಿದೆ. ತೆರಿಗೆ ಸೇರಿದ ಬಾಡಿಗೆ, 1 ಲಕ್ಷ 60 ಸಾವಿರ ಸಂಬಳ, ಕರೆಂಟು ಇತ್ಯಾದಿ 45 ಸಾವಿರ, ಇವು ಗಿರಾಕಿ ಬರಲಿ ಬಿಡಲಿ ಕೊಡಲೇಬೇಕಾದವು. ಸಾಮಾನಿಗೆ 12 ಪರ್ಸೆಂಟ್, ಕಂಪನಿಗೆ ತೆರಿಗೆ ಸೇರಿ 11.8 ಪರ್ಸೆಂಟ್ ಹೋಗುತ್ತದೆ. ಕೈಯಿಂದ ಹಾಕದೆ ನಡೆಯಬೇಕಾದರೆ 4 ಲಕ್ಷ 55 ಸಾವಿರ ವ್ಯಾಪಾರ ಬೇಕು, ದಿನಕ್ಕೆ 17 ಜನ. ನೀನು 25 ಲಕ್ಷ ಸಾಲ ತೆಗೆಯುವುದಾದರೆ, 12 ಪರ್ಸೆಂಟ್ ಬಡ್ಡಿ, 5 ವರ್ಷ, ಕಂತು ಹತ್ತಿರ ಹತ್ತಿರ 55,600. ಆಗ 20 ಜನ ಬೇಕು. ಇದರಲ್ಲಿ ವೈನಿಯ ಸಂಬಳ ಒಂದು ರೂಪಾಯಿಯೂ ಸೇರಿಲ್ಲ, ಅವರು ಇಡೀ ದಿನ ಅಲ್ಲೇ ನಿಂತಿರುತ್ತಾರೆ.

ಹಾಗಾಗಿ ವಾಕಡ್‌ನಲ್ಲಿ ಇದೇ ಚೈನ್‌ನ ಫ್ರಾಂಚೈಸಿ ಇದೆಯಲ್ಲ, ಅದರ ಎದುರಿನ ಚಹಾ ಅಂಗಡಿಯಲ್ಲಿ ಒಂದು ಮಂಗಳವಾರ, ಒಂದು ಗುರುವಾರ, ಒಂದು ಭಾನುವಾರ ಕೂತು ಒಳಗೆ ಹೋದವರನ್ನು ಎಣಿಸು. ಆಮೇಲೆ ಅದನ್ನು ನಡೆಸುವವರ ಹತ್ತಿರ ಮಾತಾಡು. ಕಂಪನಿಯವರು ತೋರಿಸುವ ಮಾಲೀಕರ ಹತ್ತಿರ ಅಲ್ಲ, ನೀನೇ ಹುಡುಕಿದವರ ಹತ್ತಿರ, ಸಾಧ್ಯವಾದರೆ ಅಂಗಡಿ ಮುಚ್ಚಿ ಹೋದವರ ಹತ್ತಿರವೂ. ಅವರಿಗೆ ಕೇಳಬೇಕಾದದ್ದು ಲಾಭ ಎಷ್ಟು ಅಂತಲ್ಲ, ಅದನ್ನು ಯಾರೂ ನಿಜ ಹೇಳುವುದಿಲ್ಲ. ಪ್ರೀಪೇಡ್ ಪ್ಯಾಕೇಜ್ ಬಗ್ಗೆ ಕೇಳು. ಗಿರಾಕಿ ಬಾಣೇರ್ ಔಟ್‌ಲೆಟ್‌ನಲ್ಲಿ 10 ಸಾವಿರ ಕಟ್ಟಿ ನಿನ್ನಲ್ಲಿ ಸರ್ವಿಸ್ ಮಾಡಿಸಿಕೊಂಡರೆ ನಿನಗೆ ದುಡ್ಡು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ರಾಯಲ್ಟಿ ಯಾರ ತಲೆ ಮೇಲೆ? ಇಲ್ಲಿ ಉತ್ತರ ತಡವರಿಸಿದರೆ ಗಲ್ಲಾದಲ್ಲಿ ತೊಂದರೆ ಇದೆ ಅಂತಲೇ ಅರ್ಥ.

ಇನ್ನೊಂದು ವಿಷಯ ಬಸು, ಇದು ನನಗೆ ನಿಜಕ್ಕೂ ಚಿಂತೆ ಮಾಡಿಸಿತು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತ ಪ್ರತ್ಯೇಕ ಕಾನೂನು ಇಲ್ಲ. ಎಷ್ಟು ಔಟ್‌ಲೆಟ್ ಮುಚ್ಚಿದವು, ಎಷ್ಟು ಕೇಸ್ ಇವೆ ಅಂತ ಅಮೆರಿಕದಲ್ಲಿ ಮೊದಲೇ ಬರೆದು ಕೊಡಲೇಬೇಕು, ಇಲ್ಲಿ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಅವರ ಎರಡು ಪುಟದ ಪತ್ರದಲ್ಲಿ ಫೀ ವಾಪಸ್ ಇಲ್ಲ ಅಂತಿದೆ, ಜಾಗಕ್ಕೆ ಒಪ್ಪಿಗೆ ಮಾತ್ರ ಆಮೇಲೆ ಕೊಡುತ್ತಾರಂತೆ. ಅವರು ನಿನ್ನ ಜಾಗ ಬೇಡ ಎಂದರೆ? ಪೂರ್ತಿ ಕರಾರು ನೋಡುವ ಮುಂಚೆ ದುಡ್ಡು ಹಾಕಲೇಬೇಡ. ಕಂಪನಿಯ ಬ್ಯಾಲೆನ್ಸ್ ಶೀಟ್ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ವೆಬ್‌ಸೈಟಿನಲ್ಲಿ 100 ರೂಪಾಯಿಗೆ ಸಿಗುತ್ತದೆ, ಅದನ್ನು ನಾನು ತೆಗೆಸಿ ನೋಡುತ್ತೇನೆ.

ನೀನು ಅವರಿಗೆ ಒಂದು ಇ-ಮೇಲ್ ಹಾಕು, ಫೋನ್‌ನಲ್ಲಿ ಬೇಡ. 90 ದಿನದೊಳಗೆ ಜಾಗ ಒಪ್ಪದಿದ್ದರೆ ಫೀ ಪೂರ್ತಿ ವಾಪಸ್ ಕೊಡಬೇಕು, ಎಷ್ಟು ಕಿಲೋಮೀಟರ್ ಒಳಗೆ ಇನ್ನೊಂದು ಔಟ್‌ಲೆಟ್ ಕೊಡುವುದಿಲ್ಲ ಅಂತ ಬರೆಯಬೇಕು, ಕಳೆದ ಮೂರು ವರ್ಷದಲ್ಲಿ ಮುಚ್ಚಿದ ಫ್ರಾಂಚೈಸಿಗಳ ಪಟ್ಟಿ ಬೇಕು. ತಿಂಗಳ ಕೊನೆಗೆ ಆಫರ್ ಮುಗಿಯುತ್ತೆ ಅಂದರೆ ಮುಗಿಯಲಿ ಬಿಡು. ಉತ್ತರ ಬಂದ ಕೂಡಲೇ ನನಗೆ ಕಳಿಸು, ಶನಿವಾರ ವೈನಿಯನ್ನೂ ಕರೆದುಕೊಂಡು ಮನೆಗೆ ಬಾ, ಕೂತು ನೋಡೋಣ.

ನಿನ್ನ,
ಶಿವು